388ರ ಒಳಗೆ ಏನಿತ್ತು

ನಮ್ಮಕ್ಕನ ಮಗಳು ಕೌದಳ್ಳಿಯಿಂದ ದಿನಾ ಕೊಳ್ಳೇಗಾಲಕ್ಕೆ ಬಸ್ಸಲ್ಲಿ ಓಡಾಡಿಕೊಂಡು ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದಳು. ಬೆಟ್ಟದಿಂದ ಬರೋ ಬಸ್ಸು. ಅಮಾವಾಸ್ಯೆ ಬಂತು ಅಂದ್ರೆ ಮಾದಪ್ಪನ ಭಕ್ತರ ನಡುವೆ ಒಂಟಿ ಕಾಲಲ್ಲಿ ನಿಂತು ಹೋಗಬೇಕು. ಭಾನುವಾರವಾದರೂ ಮನೇಲಿರೋಣ ಅಂದ್ರೆ ಅವತ್ತು ನೀಟ್ ಮಾಕ್ ಟೆಸ್ಟ್. ಸಂಜೆ ಹೊತ್ತಿಗೆ ಎಲ್ಲರ ಹೆಸರು, ಮಾರ್ಕು, ರ‍್ಯಾಂಕು ಸಾಲಾಗಿ ಬರೆದ ಪಟ್ಟಿ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತಿತ್ತು.

ಒಂದು ಭಾನುವಾರ ಅವಳಿಗೆ 720ಕ್ಕೆ 388 ಬಂತು. ಹೈಸ್ಕೂಲಿನಿಂದ ಒಂದೇ ಬೆಂಚಲ್ಲಿ ಕೂತು ಬಂದ ಗೆಳತಿಗೆ 520. ಅವತ್ತು ರಾತ್ರಿ ಊಟ ಬಿಟ್ಟಳು. ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಸ್ಸು ಹತ್ತೋ ಮುಂಚೆ ವಾಂತಿ ಮಾಡಿಕೊಂಡಳು, ಟೆಸ್ಟಿಗೆ ಹೋಗಲಿಲ್ಲ. ಭಾವ ನನಗೆ ಫೋನ್ ಮಾಡಿ, "ಇವ್ಳು ಪುಸ್ತಕ ಮುಟ್ಟಿದ್ರೆ ಅಳ್ತಾಳೆ ಕಣಪ್ಪ, ನೀನೇ ಬಂದು ಏನಾದ್ರೂ ಹೇಳು" ಅಂದರು. ಅಜ್ಜಿ ಅಷ್ಟರಲ್ಲಿ ಮಾದಪ್ಪನಿಗೆ ಹರಕೆ ಕಟ್ಟಿಯಾಗಿತ್ತು.

ನಾನು ಹೇಳುವಂಥದ್ದು ಏನೂ ಇರಲಿಲ್ಲ. "ಮಾರ್ಕೇ ಜೀವನ ಅಲ್ಲ" ಅಂತ ಬೆಂಗಳೂರಲ್ಲಿ ಸಂಬಳ ತಗೊಂಡು ಕೂತಿರೋ ಮಾವ ಹೇಳಿದ್ರೆ ಯಾವ ಹುಡುಗಿ ನಂಬ್ತಾಳೆ? ಅದಕ್ಕೇ ಪರಿಚಯದವರ ಮೂಲಕ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋದೆವು. ಹದಿಹರೆಯದ ಮಕ್ಕಳ ಜೊತೆ ಹಲವಾರು ವರ್ಷ ಕೆಲಸ ಮಾಡಿದವರು. ಅವರು ಧೈರ್ಯ ಹೇಳುತ್ತಾರೆ, ಬೆನ್ನು ತಟ್ಟಿ ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಲೆಕ್ಕ ಹಾಕಿಸಿದರು. ಆ ಲೆಕ್ಕ ಬೇರೆ ಮನೆಗಳಿಗೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮೊದಲು ಮೇಡಂ ನಮ್ಮನ್ನೆಲ್ಲ ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಏನು ಕೇಳಿದರು ಅಂತ ಅವಳೇ ಆಮೇಲೆ ಹೇಳಿದಳು. ನಿದ್ದೆ ಎಷ್ಟು ಗಂಟೆ, ಊಟ ಸೇರುತ್ತಾ, ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳು ಈಗಲೂ ಖುಷಿ ಕೊಡ್ತಾವಾ? ಆಮೇಲೆ ನೇರವಾಗಿ, "ಸಾಯಬೇಕು ಅಂತ ಯಾವತ್ತಾದ್ರೂ ಅನ್ನಿಸಿದೆಯಾ?" ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಕೇಳೋಕೆ ಹೆದರುತ್ತೇವೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತೆ ಅಂತ. ಹಾಗಾಗುವುದಿಲ್ಲ, ಕೇಳದೆ ಇದ್ದರೇ ಅಪಾಯ ಅಂದರು ಮೇಡಂ. ಅವಳಿಗೆ ಅಂಥ ಯೋಚನೆ ಇರಲಿಲ್ಲ. ಭಾನುವಾರ ಹತ್ತಿರ ಬಂದಾಗ ಮಾತ್ರ ಹೊಟ್ಟೆ ಕಿವುಚುವುದು, ಮಿಕ್ಕ ದಿನ ಪರವಾಗಿಲ್ಲ. ಅಂದರೆ ಭಯ ಟೆಸ್ಟಿನ ಸುತ್ತಲೇ ಇದೆ ಅನ್ನುವುದು ಗೊತ್ತಾದ ಮೇಲೇ ಮುಂದಿನ ಮಾತು.

ಎರಡನೇ ಭೇಟಿಯಲ್ಲಿ ನನ್ನನ್ನೂ ಒಳಗೆ ಕೂರಿಸಿಕೊಂಡರು. ಆ 388ರ ಟೆಸ್ಟನ್ನು ನಿಮಿಷ ನಿಮಿಷಕ್ಕೆ ಬಿಡಿಸಿ ಹೇಳು ಅಂದರು. ಇವಳು ಹೇಳಿದಳು. ಪೇಪರ್ ಕೈಗೆ ಬಂತು, ಮೊದಲಿಗೆ ಫಿಸಿಕ್ಸ್ ಇತ್ತು, ಅಲ್ಲಿಂದಲೇ ಶುರು ಮಾಡಿದೆ. ಏಳನೇ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡೆ. ಅಷ್ಟರಲ್ಲಿ ಪಕ್ಕದವಳು ಪುಟ ತಿರುವಿದ ಶಬ್ದ ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ತಿರುವಿದಳು. ಕೈ ಬೆವರಿತು, ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. "ನಾನು ಹಿಂದೆ ಬಿದ್ದೆ" ಅನ್ನಿಸಿತು. ಆಮೇಲೆ ಓದಿದ್ದನ್ನೇ ಎರಡೆರಡು ಸಲ ಓದಿದೆ, ಸಿಕ್ಕಿದ್ದನ್ನು ತುಂಬಿದೆ.

ಮೇಡಂ ಕೇಳಿದ್ದು ಒಂದೇ ಪ್ರಶ್ನೆ. "ಪಕ್ಕದವಳು ಯಾವ ಸಬ್ಜೆಕ್ಟಿಂದ ಶುರು ಮಾಡಿದ್ಲು?"

ಇವಳಿಗೆ ಗೊತ್ತಿರಲಿಲ್ಲ. ಮಾರನೇ ದಿನ ಕಾಲೇಜಲ್ಲಿ ಕೇಳಿಕೊಂಡು ಬಂದಳು. ಬಯಾಲಜಿಯಿಂದಂತೆ. ನೀಟ್ ಪೇಪರಿನಲ್ಲಿ 180 ಪ್ರಶ್ನೆ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸಮಯ ಮೂರು ಗಂಟೆ, ಅಂದರೆ ಪ್ರಶ್ನೆಗೆ ಸರಾಸರಿ ಒಂದು ನಿಮಿಷ. ಬಯಾಲಜಿಯಲ್ಲಿ ಲೆಕ್ಕ ಮಾಡೋ ಕೆಲಸ ಕಮ್ಮಿ, ಗೊತ್ತಿದ್ದರೆ ಅರ್ಧ ನಿಮಿಷದಲ್ಲಿ ಉತ್ತರ ಬೀಳುತ್ತೆ. ಫಿಸಿಕ್ಸಿನ ಒಂದು ಪುಟ ಮುಗಿಸುವಷ್ಟರಲ್ಲಿ ಬಯಾಲಜಿಯ ಎರಡು ಪುಟ ತಿರುಗುತ್ತೆ. ಪಕ್ಕದವಳು ಮುಂದೆ ಹೋಗಿರಲೇ ಇಲ್ಲ, ಬೇರೆ ದಾರಿಯಲ್ಲಿದ್ದಳು. ಇವಳ ಭಯ ಪುಟದ ಶಬ್ದ ಕೇಳಿ ತಪ್ಪು ಲೆಕ್ಕ ಹಾಕಿತ್ತು. ಅದು ಗೊತ್ತಾದಾಗ ಹುಡುಗಿ ಬಹಳ ದಿನದ ಮೇಲೆ ನಕ್ಕಳು.

ಆಮೇಲೆ ಹಿಂದಿನ ಟೆಸ್ಟನ್ನೂ ಇದನ್ನೂ ಪಕ್ಕಪಕ್ಕ ಇಟ್ಟರು. ಸರಿ ಉತ್ತರಕ್ಕೆ ನಾಲ್ಕು ಮಾರ್ಕು, ತಪ್ಪಾದರೆ ಒಂದು ಮಾರ್ಕು ಕಟ್. ಬಿಟ್ಟರೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಹಿಂದಿನ ಸಲ ಅವಳು 150 ಪ್ರಶ್ನೆ ಮುಟ್ಟಿದ್ದಳು. 108 ಸರಿ, 42 ತಪ್ಪು. 432ರಲ್ಲಿ 42 ಹೋಗಿ 390. ಆಗ ಪಟ್ಟಿ ನೋಡಿ "ನಾನು ಕಮ್ಮಿ ಅಟೆಂಡ್ ಮಾಡ್ತಿದ್ದೀನಿ" ಅಂತ ತೀರ್ಮಾನ ಮಾಡಿ, ಈ ಸಲ 172 ಮುಟ್ಟಿದ್ದಾಳೆ. 112 ಸರಿ, 60 ತಪ್ಪು. 448ರಲ್ಲಿ 60 ಹೋಗಿ 388.

ಅಂದರೆ 22 ಪ್ರಶ್ನೆ ಜಾಸ್ತಿ ಮಾಡಿ ಎರಡು ಮಾರ್ಕು ಕಳೆದುಕೊಂಡಿದ್ದಾಳೆ. ಜಾಸ್ತಿ ಸರಿಯಾದದ್ದು ನಾಲ್ಕು, ಜಾಸ್ತಿ ತಪ್ಪಾದದ್ದು ಹದಿನೆಂಟು. ಕಣ್ಣು ಮುಚ್ಚಿಕೊಂಡು 22 ಪ್ರಶ್ನೆಗೆ ಗುಂಡು ಹೊಡೆದರೂ ನಾಲ್ಕರಲ್ಲಿ ಒಂದರ ಲೆಕ್ಕಕ್ಕೆ ಐದಾರು ಸರಿ ಬರಬೇಕು. ಒಂದೇ ಟೆಸ್ಟಿನಿಂದ ಇಷ್ಟನ್ನೇ ಹಿಡಿದು ಏನೂ ಖಡಾಖಂಡಿತ ಹೇಳೋಕಾಗಲ್ಲ, ಎರಡೂ ಬೇರೆ ಬೇರೆ ಪೇಪರು. ಆದರೆ ಅವಸರದಲ್ಲಿ ಓದಿದವರು ಎಲ್ಲಿ ಬೀಳುತ್ತಾರೋ ಅಲ್ಲೇ ತಪ್ಪು ಆಯ್ಕೆಗಳನ್ನು ಇಟ್ಟಿರುತ್ತಾರೆ, ಅರ್ಧ ಗೊತ್ತಿರೋರಿಗೆ ಅದೇ ಮೊದಲು ಕಣ್ಣಿಗೆ ಬೀಳುತ್ತೆ ಅಂದರು ಮೇಡಂ. ಬೇರೆಯವರ ಮಾರ್ಕು ನೋಡಿ ಹುಟ್ಟಿದ ಭಯ ಅವಳ ಪರೀಕ್ಷೆ ಬರೆಯೋ ರೀತಿಯನ್ನೇ ಬದಲಾಯಿಸಿತ್ತು.

ಈಗ ನಿಜವಾದ ಕೆಲಸ. ಆ 60 ತಪ್ಪಿನಲ್ಲಿ ಗೊತ್ತಿಲ್ಲದೆ ಆದದ್ದೆಷ್ಟು, ಹಾಲಿನಲ್ಲಿ ಕೂತು ಹೆದರಿದ್ದಕ್ಕೆ ಆದದ್ದೆಷ್ಟು? ನಮ್ಮ ಕೆಲಸದಲ್ಲಿ ಪ್ರೋಗ್ರಾಂ ಬಿದ್ದರೆ ಮೊದಲು ಲಾಗ್ ತೆಗೆದು ಎಲ್ಲಿ ಬಿತ್ತು ಅಂತ ನೋಡ್ತೀವಿ. ಇಲ್ಲಿ ಲಾಗ್ ಇತ್ತು, ತೆಗೆದಿರಲಿಲ್ಲ. ಯಾವ ಪ್ರಶ್ನೆ ಸರಿ, ಯಾವುದು ತಪ್ಪು ಅನ್ನೋ ವರದಿ, ಕೀ ಉತ್ತರ ಎರಡೂ ಅವಳ ಫೋನಿನಲ್ಲಿದ್ದವು. ಮಾರ್ಕು ನೋಡಿದ ಮೇಲೆ ಅವನ್ನು ತೆರೆಯೋ ಧೈರ್ಯ ಬಂದಿರಲಿಲ್ಲ. ಹೆದರಿದವರು ಹೀಗೇ ಮಾಡುವುದಂತೆ. ರ‍್ಯಾಂಕನ್ನು ಹತ್ತು ಸಲ ನೋಡುತ್ತಾರೆ, ಉತ್ತರ ಪತ್ರಿಕೆಯನ್ನು ಒಂದು ಸಲವೂ ನೋಡುವುದಿಲ್ಲ.

ಮೇಡಂ ಹೇಳಿದ ವಿಧಾನ ಇದು. ಕೀ ಉತ್ತರ ನೋಡುವ ಮುಂಚೆ, ಗಡಿಯಾರ ಇಲ್ಲದೆ, ಮನೆಯಲ್ಲಿ ಆ ಪ್ರಶ್ನೆಗಳನ್ನು ಮತ್ತೊಮ್ಮೆ ಮಾಡಬೇಕು. ನನಗೆ ತಕ್ಷಣ ಒಂದು ಅನುಮಾನ ಬಂತು. ಇದು ತಪ್ಪಾಗಿದೆ ಅಂತ ಮೊದಲೇ ಗೊತ್ತಿದ್ದರೆ ಹಳೇ ಉತ್ತರ ಬಿಟ್ಟು ಮಿಕ್ಕ ಮೂರರಲ್ಲಿ ಒಂದನ್ನು ಆರಿಸುತ್ತಾಳೆ. ಏನೂ ಗೊತ್ತಿಲ್ಲದೆ ಹಾಕಿದರೂ 60ರಲ್ಲಿ 20 ಸರಿ ಬರುತ್ತೆ. ಅದನ್ನು ಹೇಳಿದೆ. ಮೇಡಂ ಹತ್ತಿರ ಅದಕ್ಕೆ ಆಗಲೇ ಎರಡು ಉಪಾಯ ಇದ್ದವು. ಒಂದು, ತಪ್ಪಾದ 60ರ ಜೊತೆ ಸರಿಯಾದ 30 ಪ್ರಶ್ನೆಗಳನ್ನೂ ಬೇರೆ ಯಾರಾದರೂ ಬೆರೆಸಿ ಕೊಡಬೇಕು, ಯಾವುದು ಯಾವುದು ಅಂತ ಅವಳಿಗೆ ಗೊತ್ತಾಗಬಾರದು. ಇನ್ನೊಂದು, ಪ್ರತಿ ಉತ್ತರದ ಪಕ್ಕ ಯಾಕೆ ಅಂತ ಒಂದು ಸಾಲು ಬರೆಯಬೇಕು. ಕಾರಣ ಬರೆಯೋಕಾಗದ ಉತ್ತರ ಸರಿಯಾಗಿದ್ದರೂ ಲೆಕ್ಕಕ್ಕಿಲ್ಲ.

ಬೆರೆಸೋ ಕೆಲಸ ನನ್ನದು. 90 ಪ್ರಶ್ನೆಗಳ ನಂಬರುಗಳನ್ನು ಕಲಸಿ ಮೂರು ಚೀಟಿ ಮಾಡಿ ಕೊಟ್ಟೆ. ದಿನಕ್ಕೆ ಮೂವತ್ತರಂತೆ ಮೂರು ಬೆಳಿಗ್ಗೆ, ಹಟ್ಟಿ ಮುಂದಿನ ಜಗುಲಿ ಮೇಲೆ ಕೂತು ಮಾಡಿದಳು. ಆಮೇಲೆ ಕೀ ಉತ್ತರ ತೆಗೆದು ಮೂರು ಗುಂಪು ಮಾಡಿದೆವು.

60 ತಪ್ಪಿನಲ್ಲಿ 21ಕ್ಕೆ ಈಗ ಕಾರಣ ಸಮೇತ ಸರಿ ಉತ್ತರ ಬರೆದಿದ್ದಳು. ಇವು ಗೊತ್ತಿದ್ದೂ ಹಾಲಿನಲ್ಲಿ ತಪ್ಪಿದವು. ಅದರಲ್ಲೂ ಒಂಬತ್ತು ಪ್ರಶ್ನೆ ಒಂದೇ ಜಾತಿಯವು: "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ" ಅನ್ನೋ ಇಂಗ್ಲಿಷ್ ಪ್ರಶ್ನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ, ಅವಸರದಲ್ಲಿ 'ಇನ್‌ಕರೆಕ್ಟ್' ಅನ್ನುವುದರಲ್ಲಿ 'ಕರೆಕ್ಟ್' ಅಷ್ಟೇ ಓದಿ, ಮೊದಲು ಸಿಕ್ಕ ಸರಿ ವಾಕ್ಯಕ್ಕೆ ಗುರುತು ಹಾಕಿದ್ದಾಳೆ. ಎರಡನೇ ಗುಂಪು 15. ಇವುಗಳಿಗೂ ಕಾರಣ ಬರೆದಿದ್ದಾಳೆ, ಆದರೆ ಕಾರಣವೇ ತಪ್ಪು. ಓದಿದ್ದು ತಪ್ಪಾಗಿ ತಲೆಯಲ್ಲಿ ಕೂತಿದೆ, ಯಾರಾದರೂ ಕೂರಿಸಿ ತಿದ್ದಬೇಕು. ಮೂರನೇ ಗುಂಪು 24. ಪಾಠವನ್ನೇ ಓದಿಲ್ಲ, ಕಾರಣದ ಜಾಗ ಖಾಲಿ. ಇನ್ನು ಬೆರೆಸಿದ್ದ 30 ಸರಿ ಉತ್ತರಗಳಲ್ಲಿ ಮೂರಕ್ಕೆ ಅವಳಿಗೆ ಕಾರಣ ಹೊಳೆಯಲಿಲ್ಲ. ಅವು ಅದೃಷ್ಟದ ಮಾರ್ಕು. ಅವನ್ನೂ ಓದುವ ಪಟ್ಟಿಗೇ ಸೇರಿಸಿದೆವು.

ಮೊದಲ ಗುಂಪಿನ ಒಂದೊಂದು ಪ್ರಶ್ನೆಯ ಬೆಲೆ ನಾಲ್ಕಲ್ಲ, ಐದು. ಬರಬೇಕಿದ್ದ ನಾಲ್ಕು ಬರಲಿಲ್ಲ, ಇದ್ದದ್ದರಲ್ಲಿ ಒಂದು ಹೋಯಿತು. 21 ಪ್ರಶ್ನೆಗೆ 105 ಮಾರ್ಕು. ಗೆಳತಿಗೂ ಇವಳಿಗೂ ಇದ್ದ ವ್ಯತ್ಯಾಸ 132. ಅಷ್ಟನ್ನೂ ಇವಳು "ನಾನು ದಡ್ಡಿ" ಅಂತ ಓದಿಕೊಂಡಿದ್ದಳು. ಅದರಲ್ಲಿ 105ರಷ್ಟು ಈಗಾಗಲೇ ತಲೆಯಲ್ಲಿದೆ, ಕೈಯಿಂದ ಹಾಳೆಗೆ ಇಳಿದಿಲ್ಲ ಅಷ್ಟೇ. ಗೆಳತಿಯೂ ಹಾಲಿನಲ್ಲಿ ಒಂದಷ್ಟು ಕಳೆದುಕೊಂಡಿರಬಹುದು, ಅದು ನಮಗೆ ಗೊತ್ತಿಲ್ಲ. ಗಡಿಯಾರ ಇಲ್ಲದೆ ಮಾಡಿದ್ದನ್ನು ಗಡಿಯಾರದ ಮುಂದೆ ಪೂರ್ತಿ ಮಾಡೋಕೂ ಆಗಲ್ಲ. 105ರಲ್ಲಿ ಅರ್ಧ ಸಿಕ್ಕರೂ ದೊಡ್ಡದು ಅಂದರು ಮೇಡಂ. ಆದರೆ ಯಾವ ರೋಗಕ್ಕೆ ಯಾವ ಮದ್ದು ಅನ್ನೋದು ಸ್ಪಷ್ಟವಾಯಿತು. ಅಲ್ಲಿವರೆಗೆ ಮೂರೂ ಗುಂಪಿಗೆ ಒಂದೇ ಮದ್ದು ಕೊಡುತ್ತಿದ್ದಳು: ರಾತ್ರಿ ಒಂದು ಗಂಟೆವರೆಗೆ ಓದುವುದು. ಅದು ಮೂರನೇ ಗುಂಪಿಗೆ ಸ್ವಲ್ಪ ಆಗುತ್ತೆ. ಮೊದಲನೇ ಗುಂಪನ್ನು ಇನ್ನೂ ಬೆಳೆಸುತ್ತೆ, ನಿದ್ದೆಗೆಟ್ಟ ಕಣ್ಣಿಗೆ 'ಇನ್' ಕಾಣುವುದಿಲ್ಲ.

ಹಾಲಿಗೆ ಅಂತ ಮೇಡಂ ಕೊಟ್ಟದ್ದು ನಾಲ್ಕೇ ನಿಯಮ. ಮೊದಲನೆಯದು, ಪೇಪರ್ ಯಾವ ಕ್ರಮದಲ್ಲಿದ್ದರೂ ನೀನು ಬಯಾಲಜಿಯಿಂದ ಶುರು ಮಾಡು. ನಿನಗೆ ಹೆಚ್ಚು ಗೊತ್ತಿರೋದು ಅದು. ಮೊದಲ ಇಪ್ಪತ್ತು ನಿಮಿಷ ಕೈ ಓಡಿದರೆ ಎದೆ ತಾನಾಗಿ ಇಳಿಯುತ್ತೆ.

ಎರಡನೆಯದು, ಪ್ರಶ್ನೆಯಲ್ಲಿ 'ಅಲ್ಲ' ಅನ್ನುವ ಅರ್ಥದ ಮಾತು ಬಂದರೆ ಪೆನ್ನಿನಿಂದ ಅದರ ಸುತ್ತ ಸೊನ್ನೆ ಸುತ್ತಿ ಆಮೇಲೆ ಆಯ್ಕೆಗಳನ್ನು ಓದು. ಎರಡು ಸೆಕೆಂಡಿನ ಕೆಲಸ.

ಮೂರನೆಯದು, ಮೊದಲ ಸುತ್ತಿನಲ್ಲಿ ಖಚಿತವಾಗಿ ಗೊತ್ತಿರೋದಷ್ಟೇ ಮಾಡು. ಅನುಮಾನ ಇದ್ದದ್ದರ ಪಕ್ಕ ಪ್ರಶ್ನೆ ಗುರುತು ಹಾಕಿ ಮುಂದೆ ಹೋಗು. ಎರಡನೇ ಸುತ್ತಿಗೆ ಬಂದಾಗ ನಾಲ್ಕು ಆಯ್ಕೆಯಲ್ಲಿ ಎರಡನ್ನು ಕಾರಣ ಕೊಟ್ಟು ಹೊಡೆದುಹಾಕೋಕೆ ಆದರೆ ಮಾತ್ರ ಉತ್ತರ ತುಂಬು, ಇಲ್ಲದಿದ್ದರೆ ಬಿಡು. ಇದರ ಲೆಕ್ಕ ನಾನೇ ಹಾಕಿ ತೋರಿಸಿದೆ. ಎರಡರಲ್ಲಿ ಒಂದು ಆರಿಸಿದರೆ ಪ್ರತಿ ಎರಡು ಪ್ರಶ್ನೆಗೆ ಒಂದು ಸರಿ, ಒಂದು ತಪ್ಪು: ನಾಲ್ಕು ಬಂದು ಒಂದು ಹೋಗಿ ಮೂರು ಉಳಿಯುತ್ತೆ. ನಾಲ್ಕೂ ಆಯ್ಕೆ ಹಾಗೇ ಇದ್ದಾಗ ಆರಿಸಿದರೆ ನಾಲ್ಕು ಪ್ರಶ್ನೆಗೆ ಒಂದು ಸರಿ, ಮೂರು ತಪ್ಪು: ನಾಲ್ಕು ಪ್ರಶ್ನೆ ಸೇರಿ ಉಳಿಯೋದು ಒಂದೇ ಮಾರ್ಕು. ಅಷ್ಟಕ್ಕೋಸ್ಕರ ಗೊತ್ತಿರೋ ಪ್ರಶ್ನೆಯ ಸಮಯ ಯಾಕೆ ಕೊಡಬೇಕು? ಆದರೆ ನಮ್ಮ ಸಿಇಟಿಯಲ್ಲಿ ತಪ್ಪಿಗೆ ಮಾರ್ಕು ಕಳೆಯಲ್ಲ. ಅಲ್ಲಿ ಈ ನಿಯಮ ತಿರುಗುಮುರುಗು, ಕೊನೆಗೆ ಒಂದೂ ಪ್ರಶ್ನೆ ಖಾಲಿ ಬಿಡಬಾರದು.

ನಾಲ್ಕನೆಯದು ಉಸಿರು. ಎದೆ ಹೊಡೆದುಕೊಳ್ಳೋಕೆ ಶುರುವಾದರೆ ಪೆನ್ನು ಕೆಳಗಿಡು. ನಾಲ್ಕು ಎಣಿಸುತ್ತಾ ಉಸಿರು ತಗೊ, ಆರು ಎಣಿಸುತ್ತಾ ಬಿಡು. ಐದು ಸಲ. ಒಟ್ಟು ಒಂದು ನಿಮಿಷವೂ ಆಗಲ್ಲ. ಬಿಡೋ ಉಸಿರು ಉದ್ದವಾದರೆ ಎದೆಬಡಿತ ನಿಧಾನ ಆಗುತ್ತೆ, ಅದು ದೇಹದ ಗುಣ, ನಂಬಿಕೆಯ ಮಾತಲ್ಲ. ಆದರೆ ಹಾಲಿನಲ್ಲೇ ಮೊದಲ ಸಲ ಮಾಡಿದರೆ ಕೆಲಸ ಮಾಡಲ್ಲ. ದಿನಾ ಎರಡು ಹೊತ್ತು ಮನೇಲಿ ಮಾಡಿ ರೂಢಿಯಾಗಿರಬೇಕು. ಇವಳು ಬೆಳಿಗ್ಗೆ ಸಂಜೆ ಬಸ್ಸಿನಲ್ಲಿ ಮಾಡಿಕೊಂಡಳು.

ಇನ್ನು ಆ ಪಟ್ಟಿ. "ಬೇರೆಯವರ ಜೊತೆ ಹೋಲಿಸಿಕೊಬೇಡ" ಅಂತ ಮೇಡಂ ಹೇಳಲೇ ಇಲ್ಲ. ಗ್ರೂಪಿನಲ್ಲಿ ಬಂದು ಬೀಳೋದನ್ನು ನೋಡದೆ ಇರೋಕಾಗಲ್ಲ, ನೋಡಬೇಡ ಅಂದರೆ ಇನ್ನೂ ಜಾಸ್ತಿ ನೋಡುತ್ತಾರೆ ಅಂದರು. ಬದಲಿಗೆ ಕ್ರಮ ತಿರುಗಿಸಿದರು. ಮೊದಲು ಮೂರು ಗುಂಪಿನ ಹಾಳೆ ತುಂಬಬೇಕು, ಅದಾದ ಮೇಲೆ ಪಟ್ಟಿಗೆ ಹತ್ತು ನಿಮಿಷ. ಅಲ್ಲಿವರೆಗೆ ಆ ಗ್ರೂಪ್ ಮ್ಯೂಟ್. ಹಾಳೆ ತುಂಬಿದವರಿಗೆ ಪಟ್ಟಿ ನೋಡುವಾಗ ತಮ್ಮ ಮಾರ್ಕಿನ ಒಳಗೆ ಏನಿದೆ ಅಂತ ಗೊತ್ತಿರುತ್ತೆ. ಪಕ್ಕದವರ ಮಾರ್ಕಿನ ಒಳಗೆ ಏನಿದೆ ಅಂತ ಪಟ್ಟಿ ಹೇಳಲ್ಲ ಅನ್ನೋದೂ ಆಗ ಗೊತ್ತಾಗುತ್ತೆ.

ಭಾವನಿಗೂ ಒಂದು ಪಾಠ ಸಿಕ್ಕಿತು. ಅವರು ಪ್ರತಿ ಭಾನುವಾರ ಮಗಳು ಬಸ್ಸಿಳಿದ ತಕ್ಷಣ ಕೇಳುತ್ತಿದ್ದ ಎರಡೇ ಪ್ರಶ್ನೆ, "ಎಷ್ಟ್ ಬಂತವ್ವ?" ಮತ್ತೆ "ಆ ಹುಡ್ಗಿಗೆಷ್ಟು?" ಮೇಡಂ ಅವರಿಗೆ ಹೇಳಿದರು: "ಎರಡನೇ ಪ್ರಶ್ನೆ ಪೂರ್ತಿ ಬಿಡಿ. ಮೊದಲನೇದನ್ನ ಬುಧವಾರ ಕೇಳಿ. ಭಾನುವಾರ ಊಟ ಮಾಡಿದ್ಯಾ ಅಂತ ಮಾತ್ರ ಕೇಳಿ." ಭಾವ ಬಹಳ ಕಷ್ಟಪಟ್ಟು ಪಾಲಿಸಿದರು. ಬುಧವಾರ ಬೆಳಿಗ್ಗೆ ಐದೂವರೆಗೇ ಕೇಳುತ್ತಿದ್ದರು.

ಮುಂದಿನ ಟೆಸ್ಟಿನಲ್ಲಿ ಅವಳು 158 ಮುಟ್ಟಿದಳು. 121 ಸರಿ, 37 ತಪ್ಪು, 447. ರ‍್ಯಾಂಕು ನಾಲ್ಕು ಜಾಗ ಮೇಲೆ ಹೋಯಿತು, ಅಷ್ಟೇ. ಗೆಳತಿಗೆ ಆಗಲೂ ಐನೂರರ ಮೇಲೆ. ಪಟ್ಟಿ ಮಾತ್ರ ನೋಡಿದವರಿಗೆ ಹೆಚ್ಚೇನೂ ಆಗಿಲ್ಲ. ಹಾಳೆಯಲ್ಲಿ ಮಾತ್ರ ಮೊದಲ ಗುಂಪು 21ರಿಂದ 9ಕ್ಕೆ ಇಳಿದಿತ್ತು. ಓದದೆ ಉಳಿದ ಪಾಠಗಳ ಗುಂಪು ಹಾಗೇ ಇತ್ತು. ಅದಕ್ಕೆ ಉಸಿರಾಟದಿಂದ ಆಗೋದೇನೂ ಇಲ್ಲ, ಓದಲೇಬೇಕು. ಉಳಿದ ವಾರಗಳಲ್ಲಿ ಎಲ್ಲ ಮುಗಿಯಲ್ಲ ಅಂತ ಲೆಕ್ಕ ಹಾಕಿ, ಯಾವ ಪಾಠ ಬಿಡಬೇಕು ಅಂತಲೂ ಅವಳೇ ತೀರ್ಮಾನ ಮಾಡಿದಳು. ಡಾಕ್ಟರ್ ಸೀಟು ಸಿಕ್ಕಲೇಬೇಕು ಅಂತ ಮೇಡಂ ಯಾವತ್ತೂ ಮಾತು ಕೊಡಲಿಲ್ಲ. ಭಾನುವಾರದ ವಾಂತಿ ನಿಂತಿತು.

ಎಲ್ಲರಿಗೂ ಹಾಳೆ, ಲೆಕ್ಕ ಸಾಕಾಗಲ್ಲ ಅನ್ನೋದನ್ನೂ ಹೇಳಬೇಕು. ಟೆಸ್ಟು ಇಲ್ಲದ ದಿನವೂ ಎರಡು ವಾರ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ, ಯಾರ ಜೊತೆಗೂ ಮಾತಿಲ್ಲ ಅಂದರೆ ಅದು ಮಾರ್ಕಿನ ಭಯಕ್ಕಿಂತ ದೊಡ್ಡದು, ಡಾಕ್ಟರ ಹತ್ತಿರ ಹೋಗಬೇಕು. "ನಾನು ಇಲ್ಲದಿದ್ರೆ ನಿಮಗೆ ಆರಾಮು" ಅನ್ನೋ ಥರ ಮಾತು ಒಂದು ಸಲ ಬಂದರೂ ಕಾಯಬಾರದು, ಮಗುವನ್ನು ಒಂಟಿ ಬಿಡಬಾರದು. ನಮ್ಮ ಕಡೆಯವರಿಗೆ ಇದಕ್ಕೆ ಬೆಂಗಳೂರಿಗೇ ಹೋಗಬೇಕು ಅನ್ನೋ ಭಾವನೆ ಇದೆ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರೋದೇ ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳಿಗಾಗಿ. ಟೆಲಿ ಮಾನಸ್ ಅಂತ 2022ರಲ್ಲಿ ಶುರುವಾದ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಮಾಡೋಕೆ ಮಗುವೇ ಬೇಕಿಲ್ಲ, ಏನು ಮಾಡಬೇಕು ಅಂತ ತೋಚದ ಅಪ್ಪ ಅಮ್ಮನೂ ಮಾಡಬಹುದು.